ಅಳುವ ಮುಖ ಯಾವುದು?

ಹೆಸರು, ಊರು, ಸಂಬಂಧ ಎಲ್ಲ ಬದಲಿಸಿದ್ದೇನೆ. ತಪ್ಪು ಎಮೋಜಿಯಿಂದ ಮನೆಯಲ್ಲಿ ಮನಸ್ತಾಪವಾಗಿ ಈ ವರ್ಷ ನನ್ನ ಹತ್ತಿರ ಸಮಾಲೋಚನೆಗೆ ಬಂದ ಮೂರನೇ ಪ್ರಕರಣ ಇದು, ಅದಕ್ಕೇ ಬರೆಯುತ್ತಿದ್ದೇನೆ.

ತಾತನಿಗೆ 76 ವರ್ಷ. ಟೆಲಿಗ್ರಾಫ್ ಆಫೀಸಿನಲ್ಲಿದ್ದು ನಿವೃತ್ತರಾದವರು. ಎಮೋಜಿ ಕಲಿಸಿದ್ದು ಮೊಮ್ಮಕ್ಕಳು. ತಾತನ ದೊಡ್ಡಪ್ಪನ ಮಗ ತೀರಿಕೊಂಡ ಸುದ್ದಿ ಕುಟುಂಬದ ಗ್ರೂಪಿಗೆ ಬಂದಾಗ ಇವರು ಹಾಕಿದ್ದು 😂, ಅದೂ ಮೂರು ಸಲ. ಐದೇ ನಿಮಿಷದಲ್ಲಿ ಮಗ ಅದರ ಕೆಳಗೆ ಬರೆದ: "ಅಪ್ಪನಿಗೆ ಫೋನ್ ಗೊತ್ತಾಗಲ್ಲ, ವಯಸ್ಸಾಯ್ತು, ಯಾರೂ ತಪ್ಪು ತಿಳಿಯಬೇಡಿ." ತಾತ ಫೋನನ್ನು ಮಗನ ಕೈಗೆ ಕೊಟ್ಟುಬಿಟ್ಟರು. ವೈಕುಂಠ ಸಮಾರಾಧನೆಗೂ ಹೋಗಲಿಲ್ಲ. ರಾತ್ರಿ ಊಟ ರೂಮಿನಲ್ಲೇ.

ಮಗ ಕರೆದುಕೊಂಡು ಬಂದಿದ್ದು ಮರೆವಿನ ಕಾಯಿಲೆ ಇರಬಹುದು ಅನ್ನೋ ಭಯಕ್ಕೆ. ಮೂರು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ, ಮೂರೂ ಹೇಳಿದರು. ಗಡಿಯಾರ ಬರೆದು ಹನ್ನೊಂದು ಹತ್ತು ತೋರಿಸಿ ಅಂದೆ, ಮುಳ್ಳುಗಳು ಸರಿಯಾಗೇ ಬಂದವು. ಇಷ್ಟರಿಂದಲೇ ಕಾಯಿಲೆ ಇಲ್ಲ ಅಂತ ಹೇಳೋಕಾಗಲ್ಲ. ಆದರೆ ಒಂದು ತಪ್ಪು ಎಮೋಜಿಯಿಂದ ಇದೆ ಅಂತಲೂ ಹೇಳೋಕಾಗಲ್ಲ, ಅಲ್ವಾ? ಊಟ, ನಿದ್ದೆ ಇನ್ನೂ ಎರಡು ವಾರ ಹೀಗೇ ಇದ್ದರೆ ಡಾಕ್ಟರಿಗೆ ತೋರಿಸಿ ಅಂದೆ.

ಎರಡನೇ ಸಲ ಮೊಮ್ಮಗಳನ್ನೂ ಕರೆಸಿದೆ. ಪಿಯುಸಿ ಹುಡುಗಿ. "ತಾತನಿಗೆ ಏನು ಕಲಿಸಿದೆ, ಹಾಗೇ ತೋರಿಸು" ಅಂದೆ. ಫೋನ್ ತೆಗೆದು ಫ್ರೆಂಡ್ಸ್ ಗ್ರೂಪ್ ತೋರಿಸಿದಳು. ಅಲ್ಲಿ ಪ್ರತಿ ಜೋಕಿನ ಕೆಳಗೂ 😭. ಈ ವಯಸ್ಸಿನವರಿಗೆ ಅದು ಅಳು ಅಲ್ಲ, ನಕ್ಕು ನಕ್ಕು ಸಾಕಾಯ್ತು ಅಂತ. ಒಂದು ದಿನ ತಾತ ಬಗ್ಗಿ ನೋಡಿ ಇದೇನು ಅಂತ ಕೇಳಿದ್ದರಂತೆ, ಇವಳು "ಅದು ನಗೋದು ತಾತಾ" ಅಂದಿದ್ದಳಂತೆ.

ತಾತ ಅಲ್ಲಿವರೆಗೆ ಸುಮ್ಮನಿದ್ದವರು ಹೇಳಿದರು: "ಅಳೋ ತರ ಇರೋದು ನಗೋದು ಅಂದ್ಳು. ಹಾಗಾದ್ರೆ ನಗೋ ತರ ಇದ್ದು ಕಣ್ಣೀರು ಬರ್ತಿರೋದು ಅಳೋದೇ ಇರಬೇಕು ಅಂದ್ಕೊಂಡೆ ಮೇಡಂ."

ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಲೆಕ್ಕ ಸರಿಯಾಗೇ ಇತ್ತು, ಅವರಿಗೆ ಕೊಟ್ಟ ಕೀಲಿಯೇ ಇನ್ನೊಂದು ಬೀಗದ್ದು.

ಆಮೇಲೆ ಅವರೇ ಮುಂದುವರಿಸಿದರು. ಗ್ರೀಟಿಂಗ್ಸ್ ಟೆಲಿಗ್ರಾಂಗೆ ಆಗ ನಂಬರ್ ಇರುತ್ತಿತ್ತು. ಗ್ರಾಹಕರು ನಂಬರ್ ಬರೆದರೆ ಸಾಕು, ಆ ಕಡೆ ಪೂರ್ತಿ ವಾಕ್ಯ ತಲುಪುತ್ತಿತ್ತು. ಮದುವೆಗೆ ಒಂದು, ಹಬ್ಬಕ್ಕೆ ಒಂದು. "ಸಾವಿನ ಮನೆಗೆ ಮದುವೆ ನಂಬರ್ ಹೋದ್ರೆ ಏನ್ ಗತಿ ಅಂತ ನಾನು ಎರಡೆರಡು ಸಲ ನೋಡ್ತಿದ್ದೆ. ಒಂದ್ ಸಲನೂ ತಪ್ಪಿಲ್ಲ. ಇವನು ಎಲ್ಲರ ಮುಂದೆ ನಂಗೆ ಗೊತ್ತಾಗಲ್ಲ ಅಂತ ಬರೆದ." 2013ರಲ್ಲಿ ಟೆಲಿಗ್ರಾಂ ನಿಂತಾಗಲೂ ಇಷ್ಟು ಬೇಜಾರಾಗಿರಲಿಲ್ಲವಂತೆ.

ಮಗ ನೆಲ ನೋಡುತ್ತಿದ್ದ.

ತಾತನಿಗೆ ನಾನು ಕೊಟ್ಟ ಸಲಹೆ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಗ್ರೂಪಿನಲ್ಲಿ ವಿವರಣೆ ಬೇಡ, ಕ್ಷಮೆಯೂ ಬೇಡ, ನೇರ ತೀರಿಕೊಂಡವರ ಹೆಂಡತಿಗೆ, ಅಂದರೆ ನಿಮ್ಮ ಅತ್ತಿಗೆಗೆ ಫೋನ್ ಮಾಡಿ ಅಂದೆ. ಡಿಲೀಟ್ ಮಾಡಿಸಬೇಕಿತ್ತು ಅಂತ ಸಹೋದ್ಯೋಗಿಯೊಬ್ಬರು ವಾದ ಮಾಡಿದರು. ಎರಡು ದಿನ ಚಿಲ್ಲರೆ ದಾಟಿದ ಮೇಲೆ ವಾಟ್ಸಾಪಿನಲ್ಲಿ ಎಲ್ಲರಿಗೂ ಡಿಲೀಟ್ ಆಗಲ್ಲ. ಮೊದಲೇ ಮಾಡಿದ್ದರೂ ಅಳಿಸಿದ ಗುರುತು ಉಳಿಯುತ್ತೆ, ನೋಡದವರೂ ಏನಿತ್ತು ಅಂತ ಕೇಳುತ್ತಾರೆ. ಗ್ರೂಪಿನಲ್ಲಿ ಕೇಳುವ ಕ್ಷಮೆ ನೋಡುವವರಿಗಾಗಿ. ನೋವಾಗಿದ್ದರೆ ಅದು ಅತ್ತಿಗೆಗೆ, ಹಾಗಾಗಿ ಮಾತೂ ಅವರ ಜೊತೆಗೇ ಆಗಬೇಕು. ಇದರಲ್ಲಿ ನಾನು ಹಟಮಾರಿ, ಒಪ್ಪಿಕೊಳ್ಳುತ್ತೇನೆ.

ಮಗನಿಗೆ ಬೇರೆಯೇ ಹೇಳಿದೆ. ತಪ್ಪು ಕಂಡಾಗ ಗ್ರೂಪಿನಲ್ಲಿ ಟೈಪ್ ಮಾಡುವ ಮೊದಲು ಪಕ್ಕದ ರೂಮಿಗೆ ಹೋಗಿ "ಅಪ್ಪಾ, ಏನು ಹಾಕೋಕೆ ಹೊರಟಿದ್ರಿ?" ಅಂತ ಕೇಳು. ಹತ್ತು ಹೆಜ್ಜೆ ದೂರ ಅಷ್ಟೇ.

ತಾತ ನನ್ನ ಎದುರಿಗೇ ಫೋನ್ ಮಾಡಿದರು. ಎಮೋಜಿ ಅಂದಾಗ ಅತ್ತಿಗೆಗೆ ಅರ್ಥವೇ ಆಗಲಿಲ್ಲ. "ಅವರು ಹೋದ ದಿನದಿಂದ ನಾನು ಆ ಫೋನ್ ಮುಟ್ಟೇ ಇಲ್ಲ. ಅದಿರ್ಲಿ, ಕಾರ್ಯಕ್ಕೆ ನೀನ್ಯಾಕಪ್ಪ ಬರಲಿಲ್ಲ?"

ಅದಕ್ಕೆ ತಾತನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಭಾನುವಾರ ಬಸ್ಸು ಹತ್ತಿ ಹೋಗಿ ಬಂದರಂತೆ.

ಮಗ ಇನ್ನೂ ಅಪ್ಪನ ಹತ್ತಿರ ಏನೂ ಹೇಳಿಲ್ಲ. ಮೊಮ್ಮಗಳು ಮಾತ್ರ ಒಂದು ನೋಟ್ ಬುಕ್ ಮಾಡಿಕೊಟ್ಟಿದ್ದಾಳೆ. ಎರಡು ಕಾಲಂ, "ನಮ್ಮ ಅರ್ಥ", "ನಿಮ್ಮ ಅರ್ಥ". ತಾತ ಪ್ರತಿ ಎಮೋಜಿಗೂ ಎಡಗಡೆ ನಂಬರ್ ಹಾಕಿದ್ದಾರೆ. ಕೊನೇ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ: ಸಾವಿನ ಸುದ್ದಿಗೆ ನಂಬರ್ ಇಲ್ಲ, ಫೋನ್ ಮಾಡುವುದು.