ಮೊದಲ ‘ಆಗಲ್ಲ’ ಹೇಳಿದ್ದು ಯಾವತ್ತು?

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಇವರನ್ನು ಸುಮಾ ಎಂದು ಕರೆಯೋಣ. ವಯಸ್ಸು 27. ಹಾಸನದ ಕಡೆಯವರು, ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಆಪ್ತಸಲಹೆಗೆಂದು ನನ್ನ ಬಳಿ ಬಂದು ಕೂತ ಕೂಡಲೇ ಕೇಳಿದ್ದು ಒಂದೇ ಮಾತು: “ಮೇಡಂ, ನಾನೇನು ತಪ್ಪು ಮಾಡಿದೆ ಅಂತ ನೀವಾದ್ರೂ ಹೇಳಿ.”

ಹುಡುಗ ಗೆಳತಿಯ ಮದುವೆಯಲ್ಲಿ ಪರಿಚಯವಾದವನು. ಮೂರನೇ ದಿನಕ್ಕೇ “ನಿನ್ನಂಥವಳನ್ನೇ ಇಷ್ಟು ವರ್ಷ ಹುಡುಕ್ತಿದ್ದೆ” ಅಂದಿದ್ದ. ಎರಡನೇ ವಾರಕ್ಕೆ ಮದುವೆ, ಮಕ್ಕಳಿಗಿಡುವ ಹೆಸರು ಎಲ್ಲ ಮಾತಾಗಿತ್ತು. ಬೆಳಗ್ಗೆ ಏಳುವ ಮೊದಲೇ ಮೆಸೇಜು, ಮಧ್ಯಾಹ್ನ ಆಫೀಸಿಗೇ ಊಟ, ರಾತ್ರಿ ಒಂದು ಗಂಟೆವರೆಗೂ ಫೋನು. ಸುಮಾ ಭಾನುವಾರ ಅಕ್ಕನ ಮನೆಗೆ ಹೋಗುವುದು ನಿಂತಿತು. ಸಂಗೀತದ ಕ್ಲಾಸೂ ನಿಂತಿತು. ಅವನು ಬಿಡು ಅಂತ ಹೇಳಿರಲಿಲ್ಲ. “ನೀನಿಲ್ದೆ ಭಾನುವಾರ ಹೇಗೆ ಕಳೀಲಿ?” ಅಂದಿದ್ದ, ಅಷ್ಟೇ.

ಏಳನೇ ವಾರ ಎಲ್ಲ ತಣ್ಣಗಾಯಿತು. ದಿನಕ್ಕೆ ನಲವತ್ತು ಮೆಸೇಜು ಕಳಿಸುತ್ತಿದ್ದವನು ಈಗ ಎರಡು ದಿನಕ್ಕೊಮ್ಮೆ “ಬಿಜಿ” ಅಂತ ಬರೆಯುತ್ತಿದ್ದ. “ಇದ್ದಕ್ಕಿದ್ದ ಹಾಗೆ ಹೀಗಾಯ್ತು” ಎಂದರು ಸುಮಾ.

ಇದ್ದಕ್ಕಿದ್ದ ಹಾಗೆ ಎಂಬ ಮಾತು ಬಂದಾಗಲೆಲ್ಲ ನಾನು ಒಂದು ನೋಟ್‌ಬುಕ್ ಕೊಡುತ್ತೇನೆ. ಎಡಗಡೆ ಅವನು ದೂರವಾದ ತಾರೀಖು. ಬಲಗಡೆ, ಅದರ ಹಿಂದಿನ ಒಂದೆರಡು ದಿನ ಇವರು ಏನು ಹೇಳಿದ್ದರು ಎಂಬುದು. ನೆನಪಿನಿಂದ ಬರೆಯುವುದು ಬೇಡ, ಚಾಟ್ ತೆರೆದು ನೋಡಿಕೊಂಡೇ ಬರೆಯಬೇಕು. ಅರ್ಧ ಗಂಟೆ ಹಿಡಿಯಿತು. ಅವನು ಮೊದಲು ತಣ್ಣಗಾದದ್ದು 15ಕ್ಕೆ. 14ಕ್ಕೆ ಸುಮಾ, ಚಿಕ್ಕಪ್ಪನ ಮಗಳ ಸೀಮಂತಕ್ಕೆ ಊರಿಗೆ ಹೋಗಬೇಕು, “ಈ ಶನಿವಾರ ಸಿಗೋಕೆ ಆಗಲ್ಲ” ಅಂದಿದ್ದರು. ಆರು ವಾರದಲ್ಲಿ ಅದು ಅವರ ಮೊದಲ ‘ಆಗಲ್ಲ’. 21ಕ್ಕೆ ಸುಮಾ ಕ್ಷಮೆ ಕೇಳಿದರು, 22ಕ್ಕೆ ಹೂ ಬಂತು. 30ಕ್ಕೆ ಫೋನಿನ ಪಾಸ್‌ವರ್ಡ್ ಕೊಡಲ್ಲ ಅಂದರು, ಮತ್ತೆ ಐದು ದಿನ ಮೌನ. ಅಲ್ಲಿಗೆ ಅವರು ಪೆನ್ ಕೆಳಗಿಟ್ಟರು.

ಶುರುವಿನಲ್ಲೇ ಹೀಗೆ ಅತಿಯಾದ ಪ್ರೀತಿಯಲ್ಲಿ ಮುಳುಗಿಸಿ ಹಿಡಿತಕ್ಕೆ ತೆಗೆದುಕೊಳ್ಳುವುದಕ್ಕೆ ಲವ್ ಬಾಂಬಿಂಗ್ ಅನ್ನುತ್ತಾರೆ. ಇದು ಕಾಯಿಲೆಯ ಹೆಸರಲ್ಲ. 1970ರ ದಶಕದಲ್ಲಿ ಅಮೆರಿಕದ ಒಂದು ಧಾರ್ಮಿಕ ಪಂಥದಲ್ಲಿ ಹೊಸಬರನ್ನು ಪ್ರೀತಿಯಿಂದ ಮುತ್ತಿಕೊಳ್ಳುವ ರೀತಿಗೆ ಬಳಕೆಯಲ್ಲಿದ್ದ ಮಾತು. ಹುಡುಗ ಬೇಕಂತಲೇ ಮಾಡುತ್ತಿದ್ದಾನಾ ಎಂದು ಸುಮಾ ಕೇಳಿದರು. ನಾನು ನೋಡಿರದ ಮನುಷ್ಯನ ಮನಸ್ಸಿನ ಬಗ್ಗೆ ನಾನು ತೀರ್ಪು ಕೊಡುವುದಿಲ್ಲ. ಎಷ್ಟೋ ಜನಕ್ಕೆ ತಾವು ಹೀಗೆ ಮಾಡುತ್ತಿದ್ದೇವೆ ಅಂತಲೇ ಗೊತ್ತಿರುವುದಿಲ್ಲ. ಆದರೆ ಅದರಿಂದ ಆಗುವ ಪೆಟ್ಟು ಕಡಿಮೆಯಾಗುವುದಿಲ್ಲ.

ಬಿಟ್ಟು ಬರುವುದು ಯಾಕೆ ಇಷ್ಟು ಕಷ್ಟ ಎಂಬುದನ್ನು ಬಿಡಿಸಿ ಹೇಳಿದೆ. ಬಿ. ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಕುಕ್ಕುವುದನ್ನು ಬಿಡುತ್ತದೆ. ಯಾವಾಗಲೋ ಒಮ್ಮೆ ಸಿಗುತ್ತಿದ್ದ ಹಕ್ಕಿ ಮಾತ್ರ ತುಂಬಾ ಹೊತ್ತು ಕುಕ್ಕುತ್ತಲೇ ಇರುತ್ತದೆ. ಅವನ ಪ್ರೀತಿಯೂ ಈಗ ಹಾಗೇ, ಯಾವಾಗಲೋ ಒಮ್ಮೆ ಸಿಗುತ್ತಿತ್ತು. ಸುಮಾ ರಾತ್ರಿಯೆಲ್ಲ ಫೋನ್ ನೋಡುತ್ತಿದ್ದದ್ದು ಅವರ ದೌರ್ಬಲ್ಯ ಅಲ್ಲ.

ಒಂದು ಎಚ್ಚರಿಕೆಯೂ ಬೇಕು. ಮೊದಲಿನ ಸಡಗರ ಎರಡು ಮೂರು ತಿಂಗಳಲ್ಲಿ ತಗ್ಗುವುದು ಸಹಜ. ಕೆಲಸ ಹೋಗಿರಬಹುದು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದಿರಬಹುದು. ಅಂಥವರು ಕೇಳಿದರೆ ಕಾರಣ ಹೇಳುತ್ತಾರೆ. ನಿಮ್ಮ ‘ಆಗಲ್ಲ’ಕ್ಕೆ ಬೇಜಾರಾದರೂ ಶಿಕ್ಷೆ ಕೊಡುವುದಿಲ್ಲ. ಹಾಗಾಗಿ ನಾನು ನೋಡುವುದು ಎಷ್ಟು ಹೂ ಕೊಟ್ಟ ಅಂತ ಅಲ್ಲ, ಒಂದು ಸಣ್ಣ ‘ಆಗಲ್ಲ’ವನ್ನು ಹೇಗೆ ತೆಗೆದುಕೊಂಡ ಅಂತ.

ಸುಮಾಗೆ ಹೇಳಿದ್ದೂ ಇದನ್ನೇ. ಭಾನುವಾರ ಅಕ್ಕನ ಮನೆಗೆ ಹೋಗಿ. ಅವನಿಗೆ ಮೊದಲೇ ತಿಳಿಸಿ, ಇನ್ಯಾವತ್ತು ಸಿಗಬಹುದು ಅಂತಲೂ ಹೇಳಿ. ಮೌನ ಶುರುವಾದರೆ “ಏನಾಯ್ತು, ಮಾತಾಡೋಣ್ವಾ?” ಅಂತ ಒಂದೇ ಸಲ ಕೇಳಿ. ಮಾಡದ ತಪ್ಪಿಗೆ ಕ್ಷಮೆ ಕೇಳಬೇಡಿ. ದುಡ್ಡು, ಖಾಸಗಿ ಫೋಟೊ, ಪಾಸ್‌ವರ್ಡ್ ಯಾವುದೂ ಬೇಡ. ಬೆದರಿಕೆ ಅಥವಾ ಹಿಂಬಾಲಿಸುವುದು ಶುರುವಾದರೆ ಒಬ್ಬರೇ ಹೋಗಿ ಭೇಟಿಯಾಗಬೇಡಿ, ಅಕ್ಕನಿಗೆ ತಿಳಿಸಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಆ ಭಾನುವಾರ ಹನ್ನೊಂದು ಮಿಸ್ಡ್ ಕಾಲ್ ಬಂದವು. “ನಿನ್ನ ಪ್ರೀತಿ ಇಷ್ಟೇನಾ?” ಅಂತ ಒಂದು ಮೆಸೇಜು. ಸುಮಾ ಒಂದು ಸಲ ಕೇಳಿ ಸುಮ್ಮನಾದರು. ಆರು ದಿನ ಮೌನ. ಏಳನೇ ದಿನ ಆಫೀಸಿಗೆ ದೊಡ್ಡ ಹೂಗುಚ್ಛ ಬಂತು. “ಖುಷಿ ಆಗ್ಲಿಲ್ಲ ಮೇಡಂ, ಬುಕ್ ತೆಗೆದು ತಾರೀಖು ಬರೆದೆ” ಎಂದರು.

ಸಂಬಂಧ ಮುಗಿಯಲು ಇನ್ನೂ ಒಂದು ತಿಂಗಳು ಬೇಕಾಯಿತು. ನಡುವೆ ಎರಡು ಸಲ, ನಡುರಾತ್ರಿಯಲ್ಲಿ, ಅವನಿಗೆ ಉತ್ತರ ಬರೆದರು. ಅದನ್ನು ನನಗೆ ಹೇಳಲು ನಾಚಿಕೊಂಡಿದ್ದರು. ಹಗಲಿನಲ್ಲಿ ಗಟ್ಟಿಯಾಗಿರುತ್ತಿದ್ದ ಮನಸ್ಸು ರಾತ್ರಿ ಹನ್ನೊಂದರ ಮೇಲೆ ಸಡಿಲವಾಗುತ್ತಿತ್ತು. ಆಮೇಲೆ ನಾವು ಮಾಡಿಕೊಂಡ ಏರ್ಪಾಡು ಇಷ್ಟೇ: ಆ ಹೊತ್ತಿಗೆ ಅವನ ನಂಬರ್ ಕಡೆ ಕೈ ಹೋದರೆ ಅಕ್ಕನಿಗೆ ಫೋನ್ ಮಾಡುವುದು. ಎಷ್ಟು ಹೊತ್ತಾದರೂ ಎತ್ತುತ್ತೇನೆ ಎಂದು ಅಕ್ಕ ಒಪ್ಪಿಕೊಂಡಿದ್ದಾರೆ.