ಇಪ್ಪತ್ತು ರೂಪಾಯಿಯ ಜಗಳ: ಒಂದು ಆಪ್ತಸಲಹೆ ಪ್ರಕರಣ

ಸದಾಶಿವ ಅವರಿಗೆ 61 ವರ್ಷ. ಹೆಸರು, ವಿವರ ಬದಲಿಸಿದ್ದೇನೆ. ಉಡುಪಿಯಲ್ಲಿ ಸ್ವಂತ ಮನೆ, ಒಳ್ಳೆಯ ಪಿಂಚಣಿ, ಸಾಲ ಇಲ್ಲ. ಅವರನ್ನು ಕರೆದುಕೊಂಡು ಬಂದವರು ಹೆಂಡತಿ. "ಇವರ ಜೊತೆ ಮೀನು ಮಾರ್ಕೆಟಿಗೆ ಹೋಗುವುದನ್ನೇ ಬಿಟ್ಟಿದ್ದೇನೆ ಮೇಡಂ. ಇಪ್ಪತ್ತು ರೂಪಾಯಿಗೆ ಜಗಳ. ಮೊನ್ನೆ ಆ ಮೀನಿನ ಅಕ್ಕ, ನಿಮಗೆ ಕೊಡುವುದಿಲ್ಲ, ಮುಂದೆ ಹೋಗಿ ಅಂದುಬಿಟ್ಟರು."

ಮನೆಯವರು ಇದಕ್ಕೆ ಜಿಪುಣತನ ಎಂದು ಹೆಸರಿಟ್ಟಿದ್ದರು. ಹಾಗೇ ಒಪ್ಪಿಕೊಳ್ಳುವ ಮೊದಲು ಎರಡು ವಾರ ಒಂದು ಪುಸ್ತಕ ಇಡಲು ಹೇಳಿದೆ. ಕೊಂಡ ವಸ್ತು, ಮೊದಲು ಹೇಳಿದ ದರ, ಕೊಟ್ಟ ದರ, ರಾತ್ರಿ ಮನಸ್ಸು ಹೇಗಿತ್ತು. ಇಷ್ಟೇ.

ಪುಸ್ತಕ ಬಂತು. ಎರಡು ವಾರದ ಚೌಕಾಸಿಯಲ್ಲಿ ಉಳಿದದ್ದು 310 ರೂಪಾಯಿ. ಅದೇ ಎರಡು ವಾರದಲ್ಲಿ ಕಾರಿನ ರಿಪೇರಿಗೆ ಎಂಟು ಸಾವಿರ ಕೊಟ್ಟಿದ್ದರು, ಬಿಲ್ಲನ್ನು ಪೂರ್ತಿ ಓದಿಯೂ ಇರಲಿಲ್ಲ. ಇದು ಬರೀ ಇವರ ಗುಣ ಅಲ್ಲ. 1981ರಲ್ಲಿ ಟ್ವೆರ್ಸ್ಕಿ ಮತ್ತು ಕಾನಮನ್ ಎಂಬ ಮನೋವಿಜ್ಞಾನಿಗಳು ಜನರಿಗೆ ಒಂದು ಪ್ರಶ್ನೆ ಕೇಳಿದರು. ಇಪ್ಪತ್ತು ನಿಮಿಷ ದೂರದ ಅಂಗಡಿಯಲ್ಲಿ ಐದು ಡಾಲರ್ ಕಡಿಮೆ, ಹೋಗುತ್ತೀರಾ? ವಸ್ತು 15 ಡಾಲರಿನದಾದಾಗ 68 ಶೇಕಡಾ ಜನ ಹೋಗುತ್ತೇವೆ ಎಂದರು. 125 ಡಾಲರಿನದಾದಾಗ 29 ಶೇಕಡಾ ಮಾತ್ರ. ಉಳಿಯುವ ಹಣ ಎರಡು ಕಡೆಯೂ ಒಂದೇ. ನಾವು ಉಳಿತಾಯವನ್ನು ಆ ವಸ್ತುವಿನ ಬೆಲೆಯ ಪಕ್ಕ ಇಟ್ಟು ನೋಡುತ್ತೇವೆ. ಹಾಗಾಗಿ ನೂರು ರೂಪಾಯಿಯ ಮೀನಿನಲ್ಲಿ ಇಪ್ಪತ್ತು ದೊಡ್ಡದಾಗಿ ಕಾಣುತ್ತದೆ.

ಆದರೆ ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನಲ್ಲಿ. ಹಬ್ಬದ ಮುನ್ನಾದಿನ, ಅಟ್ಟೆ ಎಂಬ ಅಳತೆಯಲ್ಲಿ ಮಾರುವ ಶಂಕರಪುರ ಮಲ್ಲಿಗೆ ಕೊಂಡಿದ್ದರು. ದರ ಏರಿತ್ತು. ಆದರೂ ಒಂದು ಮಾತೂ ಆಡದೆ ಕೊಟ್ಟಿದ್ದರು. ಯಾಕೆ ಎಂದು ಕೇಳಿದೆ. "ಮಲ್ಲಿಗೆಗೆ ಏನು ಚರ್ಚೆ ಮೇಡಂ? ಅಟ್ಟೆಗೆ ಇವತ್ತು ಇಷ್ಟು ಅಂತ ಎಲ್ಲರಿಗೂ ಗೊತ್ತಲ್ವಾ? ನನಗೂ ಅಷ್ಟೇ, ಪಕ್ಕದ ಮನೆಯವರಿಗೂ ಅಷ್ಟೇ."

ಮೀನಿಗೆ ಆ ನೆಮ್ಮದಿ ಇಲ್ಲ. ದೋಣಿ ಬಂದು ನಿಲ್ಲುವ ದಕ್ಕೆಯಲ್ಲಿ ಏಲಂ ಎಷ್ಟಕ್ಕೆ ನಿಂತಿತು ಎಂದು ಗಿರಾಕಿಗೆ ಗೊತ್ತಿಲ್ಲ. ನೂರಕ್ಕೆ ಐದು ಬಂಗುಡೆ ಎಂದು ಲೆಕ್ಕದಲ್ಲಿ ಕೊಡುವಾಗ ಗಾತ್ರವೂ ಒಂದೇ ಇರುವುದಿಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ, ಆಗ ದರ ಎಲ್ಲಿಗೋ ಹೋಗುತ್ತದೆ. ಇಂಥಲ್ಲಿ ಸರಿಯಾದ ಬೆಲೆ ತಿಳಿಯಲು ಚೌಕಾಸಿ ಒಂದೇ ದಾರಿ ಅನ್ನಿಸುತ್ತದೆ. ಕಷ್ಟ ಏನೆಂದರೆ, ಅದಕ್ಕೆ ಕೊನೆ ಇಲ್ಲ. ಒಂದು ದಿನ ಕೇಳಿದ ಕೂಡಲೇ ಅಕ್ಕ ಆರು ಕೊಟ್ಟಿದ್ದರು. ಆ ರಾತ್ರಿಯ ಸಾಲು ಹೀಗಿತ್ತು: "ಏಳು ಕೇಳಬೇಕಿತ್ತು."

ಅಂದರೆ ಅವರನ್ನು ಕಾಡುತ್ತಿದ್ದದ್ದು ಹಣ ಅಲ್ಲ, ಮೋಸಹೋಗುವ ಭಯ. ಹುಡುಗನಾಗಿದ್ದಾಗ ಸಂತೆಯಿಂದ ಜಾಸ್ತಿ ಕೊಟ್ಟು ತಂದ ಸೌತೆಕಾಯಿಯನ್ನು ಅಪ್ಪ ನೆಂಟರೆದುರು ಎತ್ತಿ ತೋರಿಸಿ, "ಇವನಿಗೆ ಯಾರು ಬೇಕಾದರೂ ಟೋಪಿ ಹಾಕಬಹುದು" ಎಂದಿದ್ದರಂತೆ. ಈಗಲೂ ಮನೆಗೆ ಬಂದ ಕೂಡಲೇ "ಎಷ್ಟಕ್ಕೆ ಸಿಕ್ಕಿತು?" ಎಂಬ ಪ್ರಶ್ನೆ. ಅತ್ತಿಗೆಯ ಫೋನು: "ನಮಗೆ ಏಳು ಸಿಕ್ಕಿತು ಮಾರಾಯ್ರೆ." ಇದನ್ನು ಕೇಳಿ ಹೆಂಡತಿ ಸುಮ್ಮನಾದರು. ಆ ಪ್ರಶ್ನೆ ಕೇಳುವವರು ಅವರೇ.

ಚೌಕಾಸಿ ಬಿಡಿ ಎಂದು ನಾನು ಹೇಳಲಿಲ್ಲ. ಕೊಳ್ಳುವವರು ಕೇಳುವುದು, ಮಾರುವವರು ಒಪ್ಪುವುದು ಬಿಡುವುದು, ಇದು ಮಾರ್ಕೆಟಿನ ಮಾತುಕತೆ. ಅದಕ್ಕೊಂದು ಕೊನೆ ಇಟ್ಟುಕೊಳ್ಳಲು ಹೇಳಿದೆ. ಮೊದಲು ಎರಡು ಕಡೆ ದರ ಕೇಳಿ, ತಾನು ಕೊಡಬಹುದಾದ ಮೊತ್ತ ಮನಸ್ಸಿನಲ್ಲೇ ಗಟ್ಟಿ ಮಾಡಬೇಕು. ಅದರೊಳಗೆ ಸಿಕ್ಕಿದರೆ ಸಾಕು, ಬೇರೆಯವರು ಎಷ್ಟು ಕೊಟ್ಟರು ಎನ್ನುವುದು ಬೇಡ. ಒಂದೇ ಸಲ ಕೇಳಬೇಕು. ಆಗದಿದ್ದರೆ ದನಿ ಏರಿಸದೆ ಮುಂದೆ ಹೋಗಬೇಕು. ಮಾರುವವರಿಗೆ ಇನ್ನೂ ಬೋಣಿ ಆಗಿರದಿದ್ದರೆ ಅಂದು ಕೇಳುವುದೇ ಬೇಡ. ಸಾಧ್ಯವಾದರೆ ಒಬ್ಬರ ಹತ್ತಿರವೇ ಖಾಯಂ ಗಿರಾಕಿಯಾಗಬೇಕು, ದರ ಇಳಿಸಿ ಎನ್ನುವ ಬದಲು ಕೊಸರು ಕೇಳಬೇಕು. ಒಂದು ಸಣ್ಣ ಬಂಗುಡೆ ಮೇಲೆ ಹಾಕುವಾಗ ಕೊಟ್ಟವರ ಕೈಯೂ ಕೆಳಗಾಗುವುದಿಲ್ಲ. ಹೆಂಡತಿಗೆ ಹೇಳಿದ್ದು ಒಂದೇ: ಒಂದು ತಿಂಗಳು ಮೀನಿನ ರುಚಿ ಕೇಳಿ, ದರ ಕೇಳಬೇಡಿ.

ಒಂದು ತಿಂಗಳ ನಂತರ ಬಂದಾಗ ಮೀನಿನ ಜಗಳ ನಿಂತಿತ್ತು. ತರಕಾರಿಯಲ್ಲಿ ಎರಡು ಸಲ ದನಿ ಏರಿತ್ತು, ಎರಡೂ ಸಲ ಮೊದಲೇ ದರ ವಿಚಾರಿಸಿರಲಿಲ್ಲ. ರಾತ್ರಿ ಅದನ್ನೇ ಯೋಚಿಸುವುದು ಕಡಿಮೆಯಾಗಿತ್ತು, ಹಾಗಾಗಿ ಮನೋವೈದ್ಯರ ಬಳಿ ಕಳಿಸುವ ಅಗತ್ಯ ಕಾಣಲಿಲ್ಲ. ರಿಕ್ಷಾದವರ ಜೊತೆಗಿನ ವಾದ ಇನ್ನೂ ಬಾಕಿ ಇದೆ. ಹತ್ತುವ ಮೊದಲೇ ಮೀಟರ್ ಹಾಕಲು ಕೇಳಬೇಕು, ಹಾಕದಿದ್ದರೆ ಮುಂದಿನ ರಿಕ್ಷಾ ನೋಡಬೇಕು ಎಂದು ಈ ಸಲ ಮಾತಾಗಿದೆ.