ಕ್ಲೈಂಟ್ ಹೆಸರಿಲ್ಲದ ರೆಸ್ಯೂಮೆ

ಓದುಗರ ಪತ್ರ: “ನಾನು ಸಾಫ್ಟ್‌ವೇರ್ ಸೇವಾ ಕಂಪನಿಯೊಂದರಲ್ಲಿ ಆರು ವರ್ಷ ಇದ್ದು, ಅದರಲ್ಲಿ ನಾಲ್ಕು ವರ್ಷ ಒಂದೇ ವಿಮಾ ಕ್ಲೈಂಟ್‌ನ ಕ್ಲೇಮ್ ವ್ಯವಸ್ಥೆಗಾಗಿ ಕೆಲಸ ಮಾಡಿದ್ದೇನೆ. ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿರುವುದರಿಂದ ರೆಸ್ಯೂಮೆಯಲ್ಲಿ ‘ವಿಮಾ ಕ್ಷೇತ್ರದ ಪ್ರಾಜೆಕ್ಟ್’ ಎಂದಷ್ಟೇ ಬರೆದಿದ್ದೇನೆ. ಸಂದರ್ಶನಕ್ಕೆ ಕರೆಯೇ ಬರುತ್ತಿಲ್ಲ. ಅಂಕಿಸಂಖ್ಯೆ ಬರೆದರೆ ಒಪ್ಪಂದ ಮುರಿದಂತಾಗುತ್ತದೆ, ಬರೆಯದಿದ್ದರೆ ಏನೂ ಮಾಡದವನಂತೆ ಕಾಣುತ್ತೇನೆ. ಏನು ಮಾಡಲಿ?”

ಸಂಪಾದಕರ ಉತ್ತರ:

ಮೊದಲು ಆ ಒಪ್ಪಂದದ ಪ್ರತಿಯನ್ನು ಹುಡುಕಿ ತೆಗೆಯಿರಿ. ನಿಮ್ಮಲ್ಲಿ ಇಲ್ಲದಿದ್ದರೆ ಹಳೆಯ ಕಂಪನಿಯ ಎಚ್‌ಆರ್ ವಿಭಾಗವನ್ನು ಕೇಳಿ. ತಾನು ಸಹಿ ಮಾಡಿದ ಕಾಗದದ ಪ್ರತಿಯನ್ನು ಕೇಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಅದರಲ್ಲಿ ‘ಗೋಪ್ಯ ಮಾಹಿತಿ’ ಎಂದರೆ ಏನು ಎಂಬ ವ್ಯಾಖ್ಯೆ, ಅದಕ್ಕೆ ಹೊರತಾದವು ಯಾವುವು ಎಂಬ ಭಾಗ ಮತ್ತು ಕೆಲಸ ಬಿಟ್ಟ ಮೇಲೂ ಬಾಧ್ಯತೆ ಎಷ್ಟು ಕಾಲ ಉಳಿಯುತ್ತದೆ ಎಂಬ ಕಲಮು, ಈ ಮೂರನ್ನು ನಿಧಾನವಾಗಿ ಓದಿ. ಈಗಾಗಲೇ ಸಾರ್ವಜನಿಕವಾಗಿರುವ ಮಾಹಿತಿಯನ್ನು ಬಹುತೇಕ ಒಪ್ಪಂದಗಳು ಗೋಪ್ಯವೆಂದು ಪರಿಗಣಿಸುವುದಿಲ್ಲ. ಕೆಲವು ಒಪ್ಪಂದಗಳಲ್ಲಿ ಉದ್ಯೋಗಿಯ ಸಾಮಾನ್ಯ ಕೌಶಲ ಮತ್ತು ಅನುಭವವನ್ನು ಗೋಪ್ಯತೆಯಿಂದ ಹೊರಗಿಡುವ ಸಾಲೂ ಇರುತ್ತದೆ. ಇದ್ದರೆ ಅದನ್ನು ಗುರುತು ಹಾಕಿಟ್ಟುಕೊಳ್ಳಿ. ಇದರ ಜೊತೆಗೆ ನೀವು ಕಣ್ಣಿಂದ ನೋಡಿರದ ಇನ್ನೊಂದು ಕಾಗದ ಇದ್ದೇ ಇರುತ್ತದೆ: ನಿಮ್ಮ ಕಂಪನಿಗೂ ಕ್ಲೈಂಟ್‌ಗೂ ನಡುವಿನ ಸೇವಾ ಒಪ್ಪಂದ. ಕ್ಲೈಂಟ್‌ನ ಹೆಸರನ್ನು ಪ್ರಚಾರಕ್ಕೆ ಬಳಸಬಾರದು, ಸಂಬಂಧವಿದೆ ಎಂಬುದನ್ನೇ ಹೊರಗೆ ಹೇಳಬಾರದು ಎಂಬ ಷರತ್ತು ಇರುವುದು ಸಾಮಾನ್ಯವಾಗಿ ಅಲ್ಲಿ. ಆದ್ದರಿಂದ ನಿಮ್ಮ ಪ್ರತಿಯಲ್ಲಿ ಹೆಸರಿನ ಮಾತೇ ಇಲ್ಲದಿದ್ದರೂ ಹೆಸರು ಬರೆಯಬೇಡಿ.

ವ್ಯಾಪಾರ ರಹಸ್ಯ ಎಂದರೆ ಏನು ಎಂಬುದಕ್ಕೆ ಬೌದ್ಧಿಕ ಆಸ್ತಿಯ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳ ನಡುವೆ 1995ರಿಂದ ಜಾರಿಯಲ್ಲಿರುವ ಟ್ರಿಪ್ಸ್ ಒಪ್ಪಂದದ 39ನೆಯ ವಿಧಿ ಮೂರು ಲಕ್ಷಣಗಳನ್ನು ಹೇಳುತ್ತದೆ. ಮಾಹಿತಿಯು ಆ ಕ್ಷೇತ್ರದಲ್ಲಿರುವವರಿಗೆ ಸಾಮಾನ್ಯವಾಗಿ ತಿಳಿದಿರಬಾರದು, ರಹಸ್ಯವಾಗಿರುವ ಕಾರಣಕ್ಕೇ ಅದಕ್ಕೆ ವಾಣಿಜ್ಯ ಬೆಲೆ ಇರಬೇಕು, ಅದನ್ನು ಕಾಪಾಡಲು ಅದರ ಒಡೆಯರು ತಕ್ಕ ಕ್ರಮ ಕೈಗೊಂಡಿರಬೇಕು. ನಿಮ್ಮ ಒಪ್ಪಂದದ ವ್ಯಾಪ್ತಿ ಇದಕ್ಕಿಂತ ದೊಡ್ಡದೇ ಇರುತ್ತದೆ, ಹಾಗಾಗಿ ಈ ವಿಧಿಯನ್ನು ರಕ್ಷಣೆಯೆಂದು ಹಿಡಿದುಕೊಳ್ಳುವಂತಿಲ್ಲ. ಆದರೆ ಒಂದು ವಾಕ್ಯದಲ್ಲಿ ನಿಜವಾಗಿ ಅಪಾಯ ಇರುವ ಪದ ಯಾವುದು ಎಂದು ಗುರುತಿಸಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ.

ಈಗ ಒಂದು ವಾಕ್ಯವನ್ನೇ ತೆಗೆದುಕೊಳ್ಳೋಣ. ನಿಮ್ಮಂಥವರೊಬ್ಬರು ಯಾವ ಹಂಗೂ ಇಲ್ಲದೆ ಬರೆದರೆ ಅದು ಹೀಗಿರಬಹುದು: ‘ಇಂಥ ವಿಮಾ ಕಂಪನಿಯ ಕ್ಲೇಮ್ ವ್ಯವಸ್ಥೆಯಲ್ಲಿ ವಂಚನೆ ಪತ್ತೆ ಹಚ್ಚುವ 37 ನಿಯಮಗಳನ್ನು ಅಳವಡಿಸಿ, ದಿನಕ್ಕೆ 41,600 ಕ್ಲೇಮ್‌ಗಳ ಇತ್ಯರ್ಥಕ್ಕೆ ಹಿಡಿಯುತ್ತಿದ್ದ ಅವಧಿಯನ್ನು 11 ದಿನದಿಂದ 3 ದಿನಕ್ಕೆ ಇಳಿಸಿದೆ.’ ಇದನ್ನು ಮನೆಯಲ್ಲಿ, ನಿಮ್ಮ ಕಣ್ಣಿಗೆ ಮಾತ್ರ, ಕಾಗದದ ಮೇಲೆ ಬರೆದುಕೊಳ್ಳಿ. ನಿಜವಾದ ವಾಕ್ಯ ಎದುರಿಗಿದ್ದರೆ ಯಾವುದನ್ನು ತೆಗೆಯುತ್ತಿದ್ದೇವೆ ಎಂಬುದು ಗೊತ್ತಾಗುತ್ತದೆ. ಅದಿಲ್ಲದೆ ಹೊರಟವರು ನಿಮ್ಮ ಹಾಗೆ ಎಲ್ಲವನ್ನೂ ಅಳಿಸಿ ಕೂರುತ್ತಾರೆ.

ಹೆಸರು ಹೋಗಲೇಬೇಕು, ಅದರಲ್ಲಿ ಚರ್ಚೆಯಿಲ್ಲ. 37 ನಿಯಮಗಳೂ ಹೋಗಬೇಕು, ಏಕೆಂದರೆ ವಂಚನೆಯನ್ನು ಹೇಗೆ, ಎಷ್ಟು ಕಡೆಯಿಂದ ಹಿಡಿಯುತ್ತಾರೆ ಎಂಬುದು ಪ್ರತಿಸ್ಪರ್ಧಿಗೂ ಬೇಕು, ವಂಚಿಸುವವನಿಗೂ ಬೇಕು. 41,600 ಎಂಬುದು ಕ್ಲೈಂಟ್‌ನ ವ್ಯವಹಾರದ ಗಾತ್ರ. ಅಷ್ಟು ನಿಖರವಾದ ಅಂಕಿ ನಿಮ್ಮ ಸಾಮರ್ಥ್ಯಕ್ಕೆ ಯಾವ ಪುರಾವೆಯನ್ನೂ ಸೇರಿಸುವುದಿಲ್ಲ. ‘ಹತ್ತಾರು ಸಾವಿರ’ ಎಂದರೂ ಓದುವ ಎಂಜಿನಿಯರ್‌ಗೆ ಆ ವ್ಯವಸ್ಥೆ ಯಾವ ದರ್ಜೆಯದು ಎಂಬುದು ಅರ್ಥವಾಗುತ್ತದೆ. ಕಷ್ಟ ಇರುವುದು ಆ 11 ಮತ್ತು 3ರಲ್ಲಿ. 11 ದಿನ ಎಂಬುದು ಒಳಗಿನವರಿಗೆ ಮಾತ್ರ ಗೊತ್ತಿದ್ದ, ಹೊರಗೆ ಬಂದರೆ ಕ್ಲೈಂಟ್‌ಗೆ ಮುಜುಗರ ತರುವ ಅಂಕಿ. 3 ದಿನ ಎಂಬುದನ್ನು ಕ್ಲೈಂಟ್ ತಾನೇ ಜಾಹೀರಾತಿನಲ್ಲಿ ಹಾಕಿಕೊಂಡಿದ್ದರೆ ಅದು ಸಾರ್ವಜನಿಕ, ಹಾಗಾಗಿ ಬಳಸಬಹುದು ಎಂದು ಅನಿಸುತ್ತದೆ. ಆದರೆ ಆ ಜಾಹೀರಾತು ಕೊಟ್ಟ ಕಂಪನಿ ಒಂದೇ ಆಗಿದ್ದರೆ, 3 ದಿನ ಎಂದು ಬರೆದದ್ದೂ ಹೆಸರು ಬರೆದದ್ದೂ ಒಂದೇ. ಎರಡೂ ಅಂಕಿಗಳ ಬದಲಿಗೆ ಅವುಗಳ ಅನುಪಾತವನ್ನು ಕೊಡಿ: ಅವಧಿ ಮೊದಲಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಯಿತು.

ಅನುಪಾತ ಬರೆದರೆ ಸುರಕ್ಷಿತ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದನ್ನು ಹಾಗೇ ನಂಬಬೇಡಿ, ಏಕೆಂದರೆ ಶೇಕಡಾವಾರು ಅಂಕಿಯ ಹಿಂದೆ ಯಾವಾಗಲೂ ಒಂದು ಮೂಲ ಮೊತ್ತ ಇರುತ್ತದೆ. ಉದಾಹರಣೆಗೆ ನೀವು ‘ಕ್ಲೇಮ್ ನಿರ್ವಹಣೆಯ ವಾರ್ಷಿಕ ವೆಚ್ಚವನ್ನು ಶೇ 6ರಷ್ಟು ಇಳಿಸಿದೆ’ ಎಂದು ಬರೆದಿರಿ, ಕ್ಲೈಂಟ್ ತನ್ನ ವಾರ್ಷಿಕ ವರದಿಯಲ್ಲಿ ಆ ವೆಚ್ಚವನ್ನು ಪ್ರಕಟಿಸುತ್ತದೆ ಎಂದಿಟ್ಟುಕೊಳ್ಳಿ. ಆಗ ಎರಡನ್ನೂ ಗುಣಿಸಿದ ಯಾರಿಗಾದರೂ ನಿಮ್ಮ ಪ್ರಾಜೆಕ್ಟ್‌ನಿಂದ ಉಳಿದ ಹಣ ಇಷ್ಟೆಂದು ತಿಳಿಯುತ್ತದೆ, ವರದಿಯಲ್ಲಿ ಎಲ್ಲೂ ಇಲ್ಲದ ಅಂಕಿಯೊಂದು ನಿಮ್ಮಿಂದ ಹೊರಬಿದ್ದಂತಾಗುತ್ತದೆ. ಇದಕ್ಕೆ ನಾನು ಅನುಸರಿಸುವ ಕ್ರಮ ಸರಳ: ಯಾವ ಮೊತ್ತಕ್ಕೆ ಹೋಲಿಸುತ್ತೇನೋ ಅದು ಹೊರಗಿನವರಿಗೆ ಎಲ್ಲಿಯೂ ಸಿಗಬಾರದು. ನಿಮ್ಮ ತಂಡದೊಳಗೆ ಮಾತ್ರ ಅಳೆಯುತ್ತಿದ್ದ ಸಂಗತಿಗಳು ಇದಕ್ಕೆ ತಕ್ಕವು: ಒಂದು ಬದಲಾವಣೆ ಬರೆದ ದಿನದಿಂದ ಬಳಕೆಗೆ ಬರುವ ತನಕ ಹಿಡಿಯುತ್ತಿದ್ದ ಸಮಯ, ರಾತ್ರಿ ಪಾಳಿಯವರನ್ನು ಎಬ್ಬಿಸುತ್ತಿದ್ದ ಎಚ್ಚರಿಕೆಗಳ ಸಂಖ್ಯೆ, ಕೈಯಿಂದ ತಿದ್ದಬೇಕಾಗುತ್ತಿದ್ದ ದಾಖಲೆಗಳ ಪ್ರಮಾಣ. ಇವು ‘ಅರ್ಧಕ್ಕೆ ಇಳಿಯಿತು’ ಎಂದರೆ ಯಾರಿಗೂ ಗುಣಿಸಿ ನೋಡಲು ಏನೂ ಸಿಗುವುದಿಲ್ಲ.

ಕೆಲಸದ ಗಾತ್ರವನ್ನು ತೋರಿಸಲು ಅಂಕಿಗಳೊಂದೇ ದಾರಿ ಎಂದು ನೀವು ಭಾವಿಸಿರುವಂತಿದೆ. ನಾನು ನೇಮಕಾತಿಗಾಗಿ ರೆಸ್ಯೂಮೆಗಳನ್ನು ಓದುತ್ತಿದ್ದ ವರ್ಷಗಳಲ್ಲಿ ದೊಡ್ಡ ಅಂಕಿಗಳಿಗಿಂತ ಹೆಚ್ಚು ನನ್ನನ್ನು ತಡೆದು ನಿಲ್ಲಿಸಿದ್ದು ಕೆಲಸದ ಮೇಲಿದ್ದ ನಿರ್ಬಂಧಗಳು. ವ್ಯವಸ್ಥೆಯನ್ನು ಹಗಲು ಹೊತ್ತು ಒಂದು ನಿಮಿಷವೂ ನಿಲ್ಲಿಸುವಂತಿರಲಿಲ್ಲ, ಹಳೆಯದೂ ಹೊಸದೂ ತಿಂಗಳುಗಟ್ಟಲೆ ಅಕ್ಕಪಕ್ಕ ಓಡಬೇಕಿತ್ತು, ಒಂದು ಬದಲಾವಣೆಗೆ ಐದು ತಂಡಗಳು ಒಪ್ಪಬೇಕಿತ್ತು ಎಂಬ ಮಾತುಗಳು ಕ್ಲೈಂಟ್ ಯಾರು ಎಂಬುದನ್ನು ಬಿಟ್ಟುಕೊಡುವುದಿಲ್ಲ. ಅಂಥ ಕೆಲಸ ಮಾಡಿದವರಿಗೆ ಮಾತ್ರ ಅವುಗಳ ಭಾರ ಗೊತ್ತು, ನಿಮ್ಮನ್ನು ಸಂದರ್ಶನಕ್ಕೆ ಕರೆಯಬೇಕಾದವರೂ ಅವರೇ.

ಹೀಗೆ ತಿದ್ದಿದ ಮೇಲೆ ಆ ವಾಕ್ಯ ಈ ರೂಪಕ್ಕೆ ಬರುತ್ತದೆ: ‘ದೊಡ್ಡ ವಿಮಾ ಸಂಸ್ಥೆಯೊಂದರ, ದಿನಕ್ಕೆ ಹತ್ತಾರು ಸಾವಿರ ದಾಖಲೆಗಳನ್ನು ನಿಭಾಯಿಸುವ ಕ್ಲೇಮ್ ವ್ಯವಸ್ಥೆಯ ಪರಿಶೀಲನಾ ಹಂತದ ಹೊಣೆ ಹೊತ್ತಿದ್ದೆ. ಎಲ್ಲ ದಾಖಲೆಗಳೂ ಒಂದೇ ಸಾಲಿನಲ್ಲಿ ಕಾಯುತ್ತಿದ್ದ ವಿನ್ಯಾಸವನ್ನು ಬದಲಿಸಿ, ಸರಳ ಪ್ರಕರಣಗಳು ಪ್ರತ್ಯೇಕ ದಾರಿಯಲ್ಲಿ ಸಾಗುವಂತೆ ಮಾಡಿದೆ. ಸೇವೆಯನ್ನು ನಿಲ್ಲಿಸದೆ ನಡೆದ ಈ ಬದಲಾವಣೆಯ ನಂತರ ಇತ್ಯರ್ಥದ ಸರಾಸರಿ ಅವಧಿ ಮೊದಲಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಯಿತು.’ ಮೊದಲ ವಾಕ್ಯದಲ್ಲಿ ಕ್ಲೈಂಟ್‌ನ ಬಗ್ಗೆ ನಾಲ್ಕು ಸಂಗತಿಗಳಿದ್ದವು, ನಿಮ್ಮ ಬಗ್ಗೆ ‘ಅಳವಡಿಸಿ’ ಎಂಬ ಒಂದು ಪದ ಮಾತ್ರ ಇತ್ತು. ಇಲ್ಲಿ ನೀವು ಕಂಡುಕೊಂಡ ತೊಡಕು, ನೀವು ಮಾಡಿದ ಆಯ್ಕೆ ಮತ್ತು ಅದರ ಫಲ ಮೂರೂ ಕಾಣುತ್ತವೆ. ಸರಳವಾದವನ್ನು ಬೇರೆ ಸಾಲಿಗೆ ಹಾಕುವುದು ಈ ವೃತ್ತಿಯಲ್ಲಿ ಎಲ್ಲರೂ ಬಲ್ಲ ಉಪಾಯ, ಅದನ್ನು ಹೇಳಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಯಾವ ಪ್ರಕರಣ ಸರಳ ಎಂದು ತೀರ್ಮಾನಿಸುವ ಮಾನದಂಡ ಮಾತ್ರ ಕ್ಲೈಂಟ್‌ನದು, ಅದು ನಿಮ್ಮ ಬಾಯಿಂದ ಬರಕೂಡದು.

ಪ್ರತಿಯೊಂದು ಪದವನ್ನೂ ಹೀಗೆ ಜರಡಿ ಹಿಡಿದ ಮೇಲೂ ಎಲ್ಲವನ್ನೂ ಒಟ್ಟಿಗಿಟ್ಟು ಓದಬೇಕು. ಒಮ್ಮೆ ನನ್ನ ಕೈಗೆ ಬಂದ ರೆಸ್ಯೂಮೆಯೊಂದರಲ್ಲಿ ಕ್ಲೈಂಟ್‌ನ ಹೆಸರನ್ನು ಬಹಳ ಎಚ್ಚರಿಕೆಯಿಂದ ಬಿಡಲಾಗಿತ್ತು. ಆದರೆ ಪ್ರಾಜೆಕ್ಟ್‌ಗೆ ಒಳಗೆ ಇಟ್ಟಿದ್ದ ಸಂಕೇತನಾಮ ಶೀರ್ಷಿಕೆಯಲ್ಲೇ ಇತ್ತು. ಅದೇ ಸಂಕೇತನಾಮವನ್ನು ಅವರ ಸಹೋದ್ಯೋಗಿಯೊಬ್ಬರು ತಮ್ಮ ಸಾರ್ವಜನಿಕ ಪ್ರೊಫೈಲ್‌ನಲ್ಲಿ ಕ್ಲೈಂಟ್‌ನ ಹೆಸರಿನ ಪಕ್ಕದಲ್ಲೇ ಬರೆದುಕೊಂಡಿದ್ದರು. ಎರಡನ್ನೂ ಜೋಡಿಸಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ‘ಅತಿ ದೊಡ್ಡ’, ‘ಎರಡನೆಯ ಸ್ಥಾನದಲ್ಲಿರುವ’ ಎಂಬ ವಿಶೇಷಣಗಳೂ ಇದೇ ಕೆಲಸ ಮಾಡುತ್ತವೆ, ಏಕೆಂದರೆ ಒಂದು ಕ್ಷೇತ್ರದಲ್ಲಿ ಎರಡನೆಯ ಸ್ಥಾನದಲ್ಲಿ ಒಂದೇ ಕಂಪನಿ ಇರುತ್ತದೆ. ಕ್ಷೇತ್ರ, ಊರು, ತಿಂಗಳು, ಗಾತ್ರ ಎಂಬ ನಾಲ್ಕರಲ್ಲಿ ಎರಡನ್ನು ಸಡಿಲಿಸಿ. ನಂತರ ಆ ಕ್ಷೇತ್ರವನ್ನು ಬಲ್ಲ, ನಿಮ್ಮ ಪ್ರಾಜೆಕ್ಟ್ ಗೊತ್ತಿಲ್ಲದ ಸ್ನೇಹಿತರೊಬ್ಬರಿಗೆ ಕೊಟ್ಟು ಊಹಿಸಲು ಹೇಳಿ. ಅವರ ಊಹೆಯಲ್ಲಿ ನಾಲ್ಕೈದು ಹೆಸರುಗಳು ಬಂದರೆ ಸರಿ. ಒಂದೇ ಹೆಸರು ಬಂದರೆ ಮತ್ತೆ ತಿದ್ದಬೇಕು, ಆದರೆ ಆ ಊಹೆ ಸರಿಯೋ ತಪ್ಪೋ ಎಂದು ಅವರಿಗೂ ಹೇಳಬೇಡಿ.

ಸ್ಕ್ರೀನ್‌ಶಾಟ್‌ಗಳ ಬಗ್ಗೆ ಒಂದೇ ಮಾತು: ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದದ್ದನ್ನಾಗಲಿ, ಪಾಸ್‌ವರ್ಡ್ ಹಿಂದೆ ಇಟ್ಟದ್ದನ್ನಾಗಲಿ ತೋರಿಸಬೇಡಿ. ಅನುಮತಿಯಿಲ್ಲದ ಒಬ್ಬರಿಗೆ ತೋರಿಸಿದರೂ ಅದು ಬಹಿರಂಗಪಡಿಸಿದಂತೆಯೇ.

ಸಂದರ್ಶನದಲ್ಲಿ ‘ಕ್ಲೈಂಟ್ ಇಂಥವರೇ ಅಲ್ಲವೇ?’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಕೇಳುವವರು ಬಹಳ ಸಲ ಕುತೂಹಲಕ್ಕೆ ಕೇಳುತ್ತಾರೆ, ಕೆಲವು ಸಲ ನಿಮ್ಮನ್ನು ಪರೀಕ್ಷಿಸಲು ಕೇಳುತ್ತಾರೆ. ನಗುವುದು, ತಲೆಯಾಡಿಸುವುದು, ‘ನಾನು ಹೇಳಲಿಲ್ಲ, ನೀವೇ ಹೇಳಿದಿರಿ’ ಎನ್ನುವುದು ಎಲ್ಲವೂ ಹೌದು ಎಂದಂತೆಯೇ. ‘ಕ್ಲೈಂಟ್ ಯಾರೆಂದು ಹೇಳುವ ಸ್ವಾತಂತ್ರ್ಯ ನನಗಿಲ್ಲ, ಊಹೆಗಳಿಗೂ ಪ್ರತಿಕ್ರಿಯಿಸಲಾರೆ. ನಾನು ತೆಗೆದುಕೊಂಡ ತೀರ್ಮಾನಗಳ ಬಗ್ಗೆ ಎಷ್ಟು ಆಳಕ್ಕೆ ಬೇಕಾದರೂ ಕೇಳಿ’ ಎಂದು ಒಂದೇ ಉಸಿರಿನಲ್ಲಿ ಹೇಳುವುದನ್ನು ಮೊದಲೇ ರೂಢಿಸಿಕೊಳ್ಳಿ. ವಿನ್ಯಾಸವನ್ನು ಬೋರ್ಡ್ ಮೇಲೆ ಬರೆದು ತೋರಿಸಿ ಎಂದರೆ ಕ್ಲೈಂಟ್‌ನ ವಿನ್ಯಾಸ ಬರೆಯಬೇಡಿ. ಗ್ರಂಥಾಲಯಕ್ಕೆ ಮರಳಿ ಬರುವ ಪುಸ್ತಕಗಳನ್ನು ವಿಂಗಡಿಸುವಂಥ ಬೇರೊಂದು ಸಮಸ್ಯೆಯನ್ನು ತೆಗೆದುಕೊಂಡು ಅದೇ ತರ್ಕವನ್ನು ಅದರ ಮೇಲೆ ನಡೆಸಿ ತೋರಿಸಿ.

ಅರ್ಜಿಗಳನ್ನು ಕಳಿಸುವ ಮುನ್ನ, ತಿದ್ದಿದ ಆ ಮೂರು ವಾಕ್ಯಗಳನ್ನು ನಿಮ್ಮ ಹಳೆಯ ಕಂಪನಿಗೆ ಇಮೇಲ್ ಮಾಡಿ ಲಿಖಿತ ಒಪ್ಪಿಗೆ ಕೇಳಿ. ‘ಪ್ರಾಜೆಕ್ಟ್ ಬಗ್ಗೆ ಬರೆಯಬಹುದೇ?’ ಎಂದು ಸಾರಾಸಗಟಾಗಿ ಕೇಳಿದರೆ ಕಾನೂನು ವಿಭಾಗದವರು ಬೇಡ ಎನ್ನುವುದೇ ಹೆಚ್ಚು, ಅದು ಅವರಿಗೆ ಸುಲಭ. ‘ಈ ಮೂರು ವಾಕ್ಯಗಳನ್ನು ರೆಸ್ಯೂಮೆಯಲ್ಲಿ ಹೀಗೆಯೇ ಬಳಸಬಯಸುತ್ತೇನೆ, ಆಕ್ಷೇಪವಿರುವ ಪದ ಇದ್ದರೆ ದಯವಿಟ್ಟು ತಿಳಿಸಿ’ ಎಂದು ಕೇಳಿದರೆ ಅವರು ಒಂದೆರಡು ಪದಗಳನ್ನು ಬದಲಿಸಿ ಮರಳಿಸುವ ಸಾಧ್ಯತೆ ಹೆಚ್ಚು. ಉತ್ತರವೇ ಬರದಿದ್ದರೆ ಅದನ್ನು ಒಪ್ಪಿಗೆ ಎಂದು ಎಣಿಸಬೇಡಿ. ಎರಡು ವಾರ ಬಿಟ್ಟು ಇನ್ನೊಮ್ಮೆ ಕೇಳಿ. ಆಗಲೂ ಬಾರದಿದ್ದರೆ ‘ವಿಮಾ’ ಎಂಬ ಪದವನ್ನು ‘ಹಣಕಾಸು’ ಎಂದು, ‘ಕ್ಲೇಮ್’ ಎಂಬುದನ್ನು ‘ಗ್ರಾಹಕರ ಅರ್ಜಿ’ ಎಂದು ಇನ್ನೂ ಒಂದು ಮೆಟ್ಟಿಲು ಸಡಿಲಿಸಿ. ನೀವು ಮಾಡಿದ ಕೆಲಸದ ಭಾಗ ಆಗಲೂ ಒಂದಕ್ಷರ ಬದಲಾಗದೆ ಉಳಿಯುತ್ತದೆ.